ಪ್ರಾಜೆಕ್ಟ್ ಮಧ್ಯದಲ್ಲೇ ಬಿಡ್ತಿದ್ದೀನಿ: ಈ ಹ್ಯಾಂಡೋವರ್ ಮೇಲ್ ಸಾಕಾ?

ಏರಿಮೇಲೆ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಸಣ್ಣ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿದ್ದೀನಿ. ನಾಗಮಂಗಲ ತಾಲ್ಲೂಕಿನ ಒಂದು ಕೆರೆಯ ಹೂಳೆತ್ತುವ ಕೆಲಸ ನಡೀತಿದೆ. ದುಡ್ಡು ಒಂದು ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್‌ನಿಂದ ಬರುತ್ತೆ. ಹಿಟಾಚಿ ಗುತ್ತಿಗೆದಾರರದು, ಎತ್ತಿದ ಗೋಡು ಮಣ್ಣನ್ನು ರೈತರು ತಮ್ಮ ಟ್ರ್ಯಾಕ್ಟರಲ್ಲಿ ತಾವೇ ಹೊಲಕ್ಕೆ ಹೊಡ್ಕೊಳ್ತಾರೆ. ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ, ಮಾರ್ಚ್ 28ಕ್ಕೆ ಕೊನೆ. ನನ್ನ ಜಾಗಕ್ಕೆ ಬರೋ ಹುಡುಗ ಒಳ್ಳೆಯವನು, ಆದರೆ ಕೆರೆ ಕೆಲಸ ಅವನಿಗೆ ಹೊಸದು. ಹ್ಯಾಂಡೋವರ್ ಮೇಲ್ ಹೀಗೆ ಬರೆದಿದ್ದೀನಿ, ನೋಡಿ ಹೇಳಿ:

"ಆತ್ಮೀಯರೇ, ಮಾರ್ಚ್ 28 ನನ್ನ ಕೊನೆಯ ದಿನ. ಹೂಳೆತ್ತುವ ಕೆಲಸ ಶೇ. 78 ಮುಗಿದಿದೆ. ಗುತ್ತಿಗೆದಾರರ ಬಿಲ್ ತೀರ್ಮಾನ ಆಗಬೇಕಿದೆ. ಇಲಾಖೆಯ ಅನುಮತಿ ನವೀಕರಿಸಬೇಕಾಗಬಹುದು. ಮಳೆ ಬಂದರೆ ತಡವಾಗಬಹುದು. ಫೈಲುಗಳೆಲ್ಲ ಡ್ರೈವ್‌ನಲ್ಲಿವೆ. ಏನೇ ಇದ್ದರೂ ಕರೆ ಮಾಡಿ. ಎಲ್ಲರಿಗೂ ಧನ್ಯವಾದ."

ಚಿಕ್ಕದಾಗಿದ್ರೆ ಓದ್ತಾರೆ ಅಂತ ಇಷ್ಟೇ ಬರೆದೆ. ಸಾಕಾ?

ಹಳೇಸೈಟು (ಮೈಸೂರು)
ಚಿಕ್ಕದಾಗಿರೋದು ಒಳ್ಳೆಯದೇ ಮೇಡಂ, ಆದರೆ ಇದರಲ್ಲಿ ಹೊಸಬನ ಕೈಗೆ ಸಿಗೋದು ಏನೂ ಇಲ್ಲ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಣ್ಣು ಕೆಲಸದ ಸೈಟುಗಳಲ್ಲೇ ಇದ್ದವನು, ಅದಕ್ಕೆ ನೇರವಾಗಿ ಕೇಳ್ತೀನಿ. ಈ 78 ಎಲ್ಲಿಂದ ಬಂತು? ಟ್ರಿಪ್ ಲೆಕ್ಕದಿಂದಲೋ, ಕೆರೆ ತಳದ ಲೆವೆಲ್ ಹಿಡಿದು ಅಳೆದಿದ್ದೋ? ಯಾವ ತಾರೀಖಿಗೆ? ಅನುಮತಿ ಯಾವತ್ತು ಮುಗಿಯುತ್ತೆ? "ತೀರ್ಮಾನ ಆಗಬೇಕಿದೆ" ಅಂದರೆ ಯಾರು ಮಾಡಬೇಕು? ಮಾಡದೇ ಹೋದರೆ ಏನಾಗುತ್ತೆ? ಮೊದಲು ಇಷ್ಟಕ್ಕೆ ಉತ್ತರ ಹೇಳಿ, ಆಮೇಲೆ ಮೇಲ್ ನೋಡೋಣ.

ಐಟಿಬಿಟ್ಟವ
ಅಕ್ಕ, ರಿಲೀವಿಂಗ್ ಲೆಟರ್ ಕೈಗೆ ಬರೋವರೆಗೂ ಯಾವ ಮೇಲೂ ಕಳಿಸಬೇಡಿ. ನಾನು ಮೈಸೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಬಿಟ್ಟಾಗ ಆರು ಪುಟದ ಹ್ಯಾಂಡೋವರ್ ಬರೆದು, ತುಂಬಾ ಲಿಂಕ್ ಹಾಕಿ ಕಳಿಸಿದೆ. ಒಬ್ಬನೂ ಓದಲಿಲ್ಲ, ಎರಡು ತಿಂಗಳು ಫೋನ್ ಬರ್ತಾನೇ ಇತ್ತು. ಅದೂ ಸಾಲದು ಅಂತ ಕೊನೆ ತಿಂಗಳ ಸಂಬಳ ಹಿಡ್ಕೊಂಡ್ರು.

ಏರಿಮೇಲೆ (ಮಂಡ್ಯ)
@ಐಟಿಬಿಟ್ಟವ ಸಂಬಳದ ತಕರಾರು ಏನೂ ಇಲ್ಲಪ್ಪ, ಚೆನ್ನಾಗಿಯೇ ಬಿಡ್ತಿದ್ದೀನಿ. ಕೆಲಸ ಕೆಡಬಾರದು ಅಂತ ಅಷ್ಟೇ.

@ಹಳೇಸೈಟು ಸಾರ್, 78 ಟ್ರಿಪ್ ಲೆಕ್ಕದ್ದು. ತೂಬಿನ ಹತ್ತಿರ ಊರಿನ ಒಬ್ಬ ಹುಡುಗ ಕೂತು, ಟ್ರ್ಯಾಕ್ಟರ್ ಕೆರೆಯಿಂದ ಮೇಲಕ್ಕೆ ಬಂದಾಗಲೆಲ್ಲ ಒಂದು ಚೀಟಿ ಹರಿದು ಕೊಟ್ಟು, ನೋಟ್‌ಬುಕ್ಕಲ್ಲಿ ಒಂದು ಗೀಟು ಎಳೀತಾನೆ. ಮಾರ್ಚ್ 14ರವರೆಗೆ 4,700 ಟ್ರಿಪ್. ಒಂದು ಟ್ರೇಲರ್‌ಗೆ 3 ಘನ ಮೀಟರ್ ಅಂತ ಹಿಡಿದರೆ 14,100. ಎಸ್ಟಿಮೇಟಲ್ಲಿ ಇರೋದು 18,000. ಜನವರಿಯಿಂದ ದಾನಿ ಕಂಪನಿಗೆ ತಿಂಗಳ ವರದಿ ಇದೇ ಲೆಕ್ಕದಲ್ಲೇ ಹೋಗ್ತಿದೆ, ಹಾಗಂತ ನಮ್ಮ ಕಾರ್ಯದರ್ಶಿಯವರೇ ಶುರುವಲ್ಲಿ ಹೇಳಿದ್ದು.

ಲೆವೆಲ್ ಕೂಡ ಇದೆ. ಕೆಲಸ ಶುರುವಾಗೋ ಮುಂಚೆ ಎಂಜಿನಿಯರ್ ಒಮ್ಮೆ ಹಿಡಿದಿದ್ದರು, ಮಾರ್ಚ್ 14ಕ್ಕೆ ಇನ್ನೊಮ್ಮೆ. ಅದರ ಶೀಟ್ ಪ್ರಕಾರ ತೆಗೆದಿರೋದು 10,850. ಯಾವುದು ಹಾಕಲಿ ಅನ್ನೋದೇ ಗೊಂದಲ. ಅನುಮತಿ ಏಪ್ರಿಲ್ 15ಕ್ಕೆ ಮುಗಿಯುತ್ತೆ.

ಹಳೇಸೈಟು (ಮೈಸೂರು)
ಸರಿ, ಎಲ್ಲ ಇಲ್ಲೇ ಇದೆ. ಎರಡು ಲೆಕ್ಕವೂ ಸುಳ್ಳಲ್ಲ ಮೇಡಂ. ನೆಲದಲ್ಲಿ ಗಟ್ಟಿಯಾಗಿ ಕೂತ ಮಣ್ಣನ್ನು ಅಗೆದು ಟ್ರೇಲರ್‌ಗೆ ಹಾಕಿದರೆ ಉಬ್ಬುತ್ತೆ. ಕೆರೆ ಜೇಡಿಗೆ ಸುಮಾರು ಶೇ. 30 ಜಾಸ್ತಿಯಾಗುತ್ತೆ ಅಂತ ಹಿಡಿಯಬಹುದು. 14,100ನ್ನು 1.3ರಿಂದ ಭಾಗಿಸಿ ನೋಡಿ, ಹೆಚ್ಚುಕಮ್ಮಿ ನಿಮ್ಮ 10,850ಕ್ಕೇ ಬರುತ್ತೆ. ಅಂದರೆ ಚೀಟಿ ಹುಡುಗನೂ ಸರಿ, ಎಂಜಿನಿಯರೂ ಸರಿ. ಆದರೆ ಎಸ್ಟಿಮೇಟಿನ 18,000 ಅನ್ನೋದು ತೋಡಿದ ಗುಂಡಿಯ ಅಳತೆ, ಉಬ್ಬಿದ ಮಣ್ಣಿನದಲ್ಲ. ಗುಂಡಿಯ ಅಳತೆಯನ್ನು ಗುಂಡಿಯ ಅಳತೆಗೇ ಹೋಲಿಸಬೇಕು. ಹಾಗೆ ನೋಡಿದರೆ ಮುಗಿದಿರೋದು ಶೇ. 60, 78 ಅಲ್ಲ.

ಇದು ಬರೀ ಅಂಕಿಯ ಜಗಳ ಅಂದ್ಕೋಬೇಡಿ. ದಿನಕ್ಕೆ ಎಷ್ಟು ಕೆಲಸ ಆಗ್ತಿದೆ?

ಏರಿಮೇಲೆ (ಮಂಡ್ಯ)
ಟ್ರ್ಯಾಕ್ಟರ್ ಸರಿಯಾಗಿ ಬಂದ ದಿನ 108ರ ಸುಮಾರು ಟ್ರಿಪ್ ಆಗುತ್ತೆ. ಭಾನುವಾರ ರಜ.

ಹಳೇಸೈಟು (ಮೈಸೂರು)
ಅಂದರೆ ಟ್ರೇಲರ್ ಲೆಕ್ಕದಲ್ಲಿ ದಿನಕ್ಕೆ 325, ಗುಂಡಿ ಲೆಕ್ಕದಲ್ಲಿ 250.

ಈಗ ನಿಮ್ಮ ಮೇಲ್ ಓದಿದ ಹೊಸ ಹುಡುಗ ಏನು ಮಾಡ್ತಾನೆ ನೋಡಿ. 78 ಆಗಿದೆ, ಇನ್ನು 3,900 ಬಾಕಿ, ದಿನಕ್ಕೆ 325 ಅಂದರೆ ಹನ್ನೆರಡು ದಿನ. ಮಾರ್ಚ್ ಕೊನೆಗೆ ಮುಗೀತು, ಅನುಮತಿ ಏಪ್ರಿಲ್ 15ರವರೆಗೆ ಇದೆ, ಇನ್ನೇನು ಚಿಂತೆ ಅಂತ ನವೀಕರಣದ ಅರ್ಜಿ ಬದಿಗಿಡ್ತಾನೆ. ನಿಜ ಏನು? ಬಾಕಿ ಇರೋದು 7,150. ದಿನಕ್ಕೆ 250ರಂತೆ 29 ಕೆಲಸದ ದಿನ. ಮಾರ್ಚ್ 16ರ ಸೋಮವಾರದಿಂದ ಎಣಿಸಿದರೆ ಏಪ್ರಿಲ್ 17. ಯುಗಾದಿ, ಹೊಸತೊಡಕು ಎರಡು ದಿನ ಕಳೀರಿ. ಮಂಡ್ಯ ಸೀಮೆಯಲ್ಲಿ ಹೊಸತೊಡಕಿನ ದಿನ ಟ್ರ್ಯಾಕ್ಟರ್ ಓಡಿಸೋನು ಯಾರು? ಏಪ್ರಿಲ್ 20 ಆಗುತ್ತೆ. ಅನುಮತಿ ಮುಗಿದ ಮೇಲೂ ಹಿಟಾಚಿ ಕೆರೆಯೊಳಗೇ ಇರುತ್ತೆ. ಯಾರಾದರೂ ಒಂದು ದೂರು ಕೊಟ್ಟರೆ ಕೆಲಸ ನಿಂತ ಹಾಗೇ.

"ನವೀಕರಿಸಬೇಕಾಗಬಹುದು" ಅಂತ ನೀವು ಬರೆದ ಮಾತಿನೊಳಗೆ ಇಷ್ಟೆಲ್ಲ ಅಡಗಿ ಕೂತಿದೆ.

ಮುಂಗಡಪತ್ರ
ನಾನು ಲೆಕ್ಕಪತ್ರ ನೋಡೋನು. ಹೂಳು, ಮಣ್ಣು ಎಲ್ಲ ಆಮೇಲೆ. ಮೊದಲ ಸಾಲಲ್ಲೇ ಬರೀರಿ, ಮಾರ್ಚ್ 31 ದಾಟಿದರೆ ಸಿಎಸ್‌ಆರ್ ದುಡ್ಡು ಲ್ಯಾಪ್ಸ್. ಅಷ್ಟರೊಳಗೆ ಹೇಗಾದರೂ ಮಾಡಿ ಗುತ್ತಿಗೆದಾರನ ಬಿಲ್ ಪೂರ್ತಿ ಪಾಸ್ ಮಾಡಿಸಿ. ಮೇಲನ್ನು ದಾನಿ ಕಂಪನಿಯವರಿಗೂ ಸಿಸಿ ಹಾಕಿ, ನಾಳೆ ನಿಮ್ಮ ಮೇಲೆ ಏನೂ ಬರಲ್ಲ.

ಹಳೇಸೈಟು (ಮೈಸೂರು)
@ಮುಂಗಡಪತ್ರ ಮಾರ್ಚ್ 31ರ ಬಗ್ಗೆ ಎಚ್ಚರ ಇರಬೇಕು ಅನ್ನೋದು ಸರಿ ಸಾರ್. ಆದರೆ ದುಡ್ಡು ಮಾಯ ಆಗಲ್ಲ. ಕಂಪನಿ ಇದನ್ನು ನಡೆಯುತ್ತಿರುವ ಯೋಜನೆ ಅಂತ ತನ್ನ ಬೋರ್ಡಲ್ಲಿ ತೋರಿಸಿದ್ದರೆ, ಖರ್ಚಾಗದೆ ಉಳಿದದ್ದನ್ನು ಏಪ್ರಿಲ್ 30ರೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿ, ಮುಂದಿನ ಮೂರು ಹಣಕಾಸು ವರ್ಷದೊಳಗೆ ಅದೇ ಯೋಜನೆಗೆ ಖರ್ಚು ಮಾಡಬಹುದು. ಹಾಗೆ ತೋರಿಸಿಲ್ಲದಿದ್ದರೆ ಮಾತ್ರ ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಹೋಗುತ್ತೆ. ಅದಕ್ಕೆ ಮೇಡಂ ಕೇಳಬೇಕಾದ್ದು ಒಂದೇ: ಕಂಪನಿಯವರು ಇದನ್ನು ಯಾವ ಲೆಕ್ಕದಲ್ಲಿ ಇಟ್ಟಿದ್ದಾರೆ? ಲಿಖಿತ ಉತ್ತರ ತೊಗೊಂಡು ಮೇಲಿಗೆ ಲಗತ್ತಿಸಿ.

ಇನ್ನೊಂದು ಮಾತು. ಕಂಪನಿ ನಿಮ್ಮ ಸಂಸ್ಥೆಯ ಖಾತೆಗೆ ಹಾಕಿದ ಮಾತ್ರಕ್ಕೆ ಖರ್ಚಾಯಿತು ಅಂತ ಆಗಲ್ಲ. ನೀವು ಕೆಲಸಕ್ಕೆ ಬಳಸಿದ್ದು ಮಾತ್ರ ಖರ್ಚು. ಮಾರ್ಚ್ 31ರ ಹೆದರಿಕೆಗೆ ಆಗದ ಕೆಲಸದ ಬಿಲ್ ಪಾಸ್ ಮಾಡಿದರೆ ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕೋನು ಸಿಕ್ಕಿಬೀಳ್ತಾನೆ. ಅದು ಬಹುಶಃ ಆ ಹೊಸ ಹುಡುಗನೇ.

ಮುಂಗಡಪತ್ರ
ನಡೆಯುತ್ತಿರುವ ಯೋಜನೆ ಅಂತ ಎಷ್ಟು ಕಂಪನಿ ತೋರಿಸ್ತವೆ ಸ್ವಾಮಿ? ನನ್ನ ಕಣ್ಣಿಗೆ ಬಿದ್ದವೆಲ್ಲ ಒಂದು ವರ್ಷದ್ದೇ. ಕೇಳಿ ತಿಳ್ಕೊಳ್ಳೋದು ಒಳ್ಳೆಯದು, ಒಪ್ಪಿದೆ. ಸಿಸಿ ವಿಚಾರ ಮಾತ್ರ ನಾನು ಬಿಡಲ್ಲ.

ಗೋಡುಬೇಕು
ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮದು ಬೆಳ್ಳೂರು ಕಡೆ, ಎರಡು ಎಕರೆ ಕೆಂಪು ನೆಲ, ರಾಗಿ ಹಾಕ್ತೀವಿ. ಆ ಕೆರೆ ಗೋಡು ಬೇರೆ ಊರಿನವರಿಗೂ ಕೊಡ್ತಾರಾ? ಟ್ರ್ಯಾಕ್ಟರ್ ನಮ್ಮದೇ ಇದೆ.

ಏರಿಮೇಲೆ (ಮಂಡ್ಯ)
@ಗೋಡುಬೇಕು ಅಣ್ಣ, ಮೊದಲು ಅದೇ ಊರಿನವರಿಗೆ, ಅವರಿಗೆ ಸಾಕಾದ ಮೇಲೆ ಉಳಿದವರಿಗೆ ಅಂತ ಗ್ರಾಮಸಭೆಯಲ್ಲಿ ಮಾತಾಗಿದೆ. ನಿಮ್ಮ ಕಡೆ ಪಂಚಾಯ್ತಿಯಲ್ಲಿ ವಿಚಾರಿಸಿ, ಹತ್ತಿರದಲ್ಲೇ ಎಲ್ಲಾದರೂ ಕೆಲಸ ನಡೀತಿರಬಹುದು. ಆದರೆ ಎಲ್ಲ ಗೋಡೂ ಒಂದೇ ಅಲ್ಲ, ನೋಡಿ ಹೊಡ್ಸಿ. ನಮ್ಮ ಕೆರೆಯ ಬಡಗಣ ಮೂಲೆಯಲ್ಲಿ ಈಗ ಒಂದು ವಾರದಿಂದ ಬರ್ತಿರೋ ಮಣ್ಣನ್ನು ರೈತರು ಬೇಡ ಅಂತಿದ್ದಾರೆ. ಕೈಯಲ್ಲಿ ಹಿಡಿದು ಹಿಂಡಿದರೆ ಮುದ್ದೆ ಕಟ್ಟಲ್ಲ, ಬೆರಳ ಸಂದಿಯಲ್ಲಿ ಉದುರುತ್ತೆ. ಸಣ್ಣ ಸಣ್ಣ ಬೆಣಚು ಕಲ್ಲು ಬೇರೆ. ಟ್ರೇಲರ್ ಅರ್ಧ ತುಂಬಿಸ್ಕೊಂಡು ಹೋಗಿ ದಾರಿಯಲ್ಲೇ ಸುರಿದು ಬರ್ತಾರೆ.

ಹಳೇಸೈಟು (ಮೈಸೂರು)
ಮೇಡಂ, ಇದನ್ನು ಮೇಲಲ್ಲಿ ಯಾಕೆ ಬರೆದಿಲ್ಲ? ನಿಮ್ಮ ಪ್ರಾಜೆಕ್ಟಿನ ದೊಡ್ಡ ಅಪಾಯ ಮಳೆ ಅಲ್ಲ, ಇದು. ಹೂಳಿನ ಕೆಳಗೆ ಜೇಡಿ ಪದರ ಇದ್ದರೇನೇ ಕೆರೆಯಲ್ಲಿ ನೀರು ನಿಲ್ಲೋದು. ಆ ಮೂಲೆಯಲ್ಲಿ ಹಿಟಾಚಿ ಜೇಡಿ ದಾಟಿ ಮರಳು ಮಿಶ್ರಿತ ನೆಲಕ್ಕೆ ಇಳಿದಿರೋ ಹಾಗಿದೆ. ಇನ್ನೂ ತೋಡಿದರೆ ನೀರು ಇಂಗಿ ಹೋಗುತ್ತೆ. ಬೋರ್‌ವೆಲ್‌ನವರಿಗೆ ಖುಷಿ ಆಗಬಹುದು, ಅಚ್ಚುಕಟ್ಟಿನವರಿಗೆ ನೀರಿರಲ್ಲ. ಏರಿಯಿಂದ ಎಷ್ಟು ದೂರ ಇದೆ ಆ ಜಾಗ?

ಏರಿಮೇಲೆ (ಮಂಡ್ಯ)
ಏರಿಯಿಂದ ದೂರ ಇದೆ, ಮೇಲ್ಭಾಗದ ಅಂಚು. ನಿನ್ನೆಯಿಂದ ಬಾಯಿಮಾತಲ್ಲಿ ಅಲ್ಲಿ ಕೆಲಸ ನಿಲ್ಲಿಸಿದ್ದೀವಿ. ಎಂಜಿನಿಯರ್ ಇನ್ನೂ ಬಂದು ನೋಡಿಲ್ಲ. ಆ ಮೂಲೆಯಲ್ಲಿ ಎಸ್ಟಿಮೇಟ್ ಪ್ರಕಾರ ಇನ್ನೂ 1,500 ಘನ ಮೀಟರ್ ತೆಗೆಯೋದಿತ್ತು.

ಹಳೇಸೈಟು (ಮೈಸೂರು)
ಏರಿ ಬುಡದಲ್ಲಿ ಇಲ್ಲ ಅಂದ್ರಲ್ಲ, ಅಷ್ಟರಮಟ್ಟಿಗೆ ಬಚಾವ್. ಈಗ ನಿಮ್ಮ ತೀರ್ಮಾನಗಳು ಒಂದಕ್ಕೊಂದು ಹೇಗೆ ಗಂಟು ಬಿದ್ದಿವೆ ನೋಡಿ. ಆ 1,500 ಕೈಬಿಟ್ಟರೆ ಬಾಕಿ 5,650. ಅದು 23 ದಿನದ ಕೆಲಸ, ಹಬ್ಬದ ಎರಡು ದಿನ ಸೇರಿಸಿದರೆ ಏಪ್ರಿಲ್ 13. ಅನುಮತಿಯ ಒಳಗೇ ಮುಗಿಯುತ್ತೆ, ಆದರೆ ಎರಡೇ ದಿನ ಕೈಯಲ್ಲಿ. ಕೈಬಿಡದೆ ಬೇರೆ ಕಡೆ ತೋಡೋದಾದರೆ ಏಪ್ರಿಲ್ 20, ನವೀಕರಣ ಬೇಕೇ ಬೇಕು. ಅಂದರೆ ಮೊದಲು ಮೂಲೆಯ ವಿಚಾರ ಇತ್ಯರ್ಥ ಆಗಬೇಕು, ಆಮೇಲೆ ಅನುಮತಿ. ನಿಮ್ಮ ಡ್ರಾಫ್ಟಲ್ಲಿ ಒಂದು ಇಲ್ಲವೇ ಇಲ್ಲ, ಇನ್ನೊಂದು ಅಡ್ಡ ಬಿದ್ದಿದೆ.

ಒಂದು ಏಪ್ರಿಲ್ ಮಳೆ ಹೊಡೆದರೂ ಕೆರೆಯಂಗಳ ಆರೋಕೆ ಮೂರು ನಾಲ್ಕು ದಿನ ಬೇಕು, ಖಾಲಿ ಟ್ರೇಲರ್ ಕೂಡ ಹೂತ್ಕೊಳ್ಳುತ್ತೆ. ಅದಕ್ಕೇ 13 ಅಂತ ಲೆಕ್ಕ ಬಂದರೂ ನವೀಕರಣದ ಅರ್ಜಿ ಹಾಕಿಯೇ ಇಡಿ ಅನ್ನೋದು ನನ್ನ ಮಾತು.

ಮದ್ದೂರ್‌ವಡೆ
ಗುತ್ತಿಗೆದಾರನ ಕಡೆಯವನಾಗಿ ಒಂದು ಮಾತು ಹೇಳ್ತೀನಿ, ಬೈಬೇಡಿ. ಆ ಬಿಲ್ ಟ್ರಿಪ್ ಲೆಕ್ಕದ್ದೇ ಇರುತ್ತೆ, ಅಲ್ವಾ? ಜನವರಿಯಿಂದ ನೀವೇ ಚೀಟಿ ಕೊಟ್ಟು, ನೀವೇ ವರದಿ ಕಳಿಸಿ, ಈಗ ಕೊನೆಯಲ್ಲಿ ಲೆವೆಲ್ ಶೀಟ್ ತೋರಿಸಿ ಕಡಿಮೆ ಮಾಡಿದರೆ ಡೀಸೆಲ್ ದುಡ್ಡು ಯಾರು ಕೊಡ್ತಾರೆ? ಕರಾರಲ್ಲಿ ಏನು ಬರೆದಿದೆ ಹೇಳಿ.

ಏರಿಮೇಲೆ (ಮಂಡ್ಯ)
ಕರಾರಲ್ಲಿ "ಘನ ಮೀಟರ್‌ಗೆ 70 ರೂಪಾಯಿ, ಅಗೆದು ತುಂಬಿಸುವುದಕ್ಕೆ" ಅಂತಷ್ಟೇ ಇದೆ. ಎಲ್ಲಿ ಅಳೆಯಬೇಕು ಅಂತ ಇಲ್ಲ. ಟ್ರಿಪ್ ಲೆಕ್ಕದಲ್ಲಿ ಮಾರ್ಚ್ 14ರವರೆಗೆ ಅವರಿಗೆ ಬರಬೇಕಾದ್ದು ಒಟ್ಟು 9,87,000. ಗುಂಡಿ ಲೆಕ್ಕದಲ್ಲಿ 7,59,500. ಮಧ್ಯದ ವ್ಯತ್ಯಾಸ 2,27,500 ರೂಪಾಯಿ. ಮೊದಲೆರಡು ಬಿಲ್ ಸೇರಿ 6 ಲಕ್ಷ ಕೊಟ್ಟಾಗಿದೆ.

ಹಳೇಸೈಟು (ಮೈಸೂರು)
ಮಣ್ಣು ಅಗೆಯೋ ಕೆಲಸವನ್ನು ಗುಂಡಿಯಲ್ಲೇ ಅಳೆಯೋದು ವಾಡಿಕೆ. ಗಾಡಿಯಲ್ಲಿ ಅಳೆದರೆ ಉಬ್ಬು ಕಳೆದು ಕೊಡ್ತಾರೆ. ಲೋಕೋಪಯೋಗಿ ಕೆಲಸ ಮಾಡಿದ ಯಾವ ಗುತ್ತಿಗೆದಾರನಿಗೂ ಇದು ಗೊತ್ತು.

ಮದ್ದೂರ್‌ವಡೆ
ಸರ್ಕಾರಿ ಕೆಲಸದಲ್ಲಿ ಹೌದು ಸಾರ್, ಅಲ್ಲಿ ಬರೆದಿರುತ್ತೆ. ಇಲ್ಲಿ ಬರೆದಿಲ್ಲ. 70 ರೂಪಾಯಿ ರೇಟನ್ನು ನಾವು ಟ್ರೇಲರ್ ಎಣಿಸಿ ಒಪ್ಪಿರ್ತೀವಿ, ಗುಂಡಿ ಲೆಕ್ಕ ಅಂದಿದ್ದರೆ 90 ಕೇಳ್ತಿದ್ವಿ. ಇದು ಮೇಲಲ್ಲಿ ಬಗೆಹರಿಯೋ ವಿಚಾರ ಅಲ್ಲ, ಕೂತು ಮಾತಾಡಬೇಕು.

ಹಳೇಸೈಟು (ಮೈಸೂರು)
ಮೇಲಲ್ಲಿ ಬಗೆಹರಿಯಬೇಕಾಗಿಯೂ ಇಲ್ಲ. ಬಿಟ್ಟು ಹೋಗೋರು ತೀರ್ಪು ಕೊಡೋದು ಬೇಡ ಮೇಡಂ, ಅದು ನಿಮ್ಮ ಕೆಲಸ ಅಲ್ಲ. ಎರಡು ಅಂಕಿ, ವ್ಯತ್ಯಾಸ, ಕರಾರಿನ ಆ ಒಂದು ಸಾಲು, ಯಾರು ತೀರ್ಮಾನಿಸಬೇಕು, ಯಾವತ್ತಿನೊಳಗೆ, ಅಲ್ಲಿಯವರೆಗೆ ಏನು ಮಾಡಬಾರದು, ಇಷ್ಟು ಬರೀರಿ. "ಅಲ್ಲಿಯವರೆಗೆ" ಅನ್ನೋದನ್ನು ಯಾರೂ ಬರೆಯಲ್ಲ. ಬರೆಯದಿದ್ದರೆ ಗುತ್ತಿಗೆದಾರ 30ನೇ ತಾರೀಖು ಬೆಳಿಗ್ಗೆ ಹೊಸಬನ ಮುಂದೆ ಬಿಲ್ ಹಿಡಿದು ನಿಂತು "ಮೇಡಂ ಒಪ್ಪಿದ್ರು" ಅಂತಾನೆ. ಮದ್ದೂರ್‌ವಡೆಯವರು ಹಾಗಲ್ಲ ಬಿಡಿ.

ಇನ್ನೊಂದು ಕೇಳ್ತೀನಿ. ಊರಿನವರಿಗೆ ಯಾರಾದರೂ ಏನಾದರೂ ಮಾತು ಕೊಟ್ಟಿದ್ದಾರಾ? ಕಾಗದದಲ್ಲಿ ಇಲ್ಲದ್ದು.

ಏರಿಮೇಲೆ (ಮಂಡ್ಯ)
ಇದೆ. ದುಡ್ಡು ಉಳಿದರೆ ಹೆಂಗಸರಿಗೆ ಬಟ್ಟೆ ಒಗೆಯೋಕೆ ಕಲ್ಲು ಹಾಸಿ, ಮೆಟ್ಟಿಲು ಕಟ್ಟಿಸಿಕೊಡ್ತೀವಿ ಅಂತ ನಮ್ಮ ಕಾರ್ಯದರ್ಶಿ ಊರಲ್ಲಿ ಹೇಳಿದ್ದರು. "ಉಳಿದರೆ" ಅನ್ನೋದು ಈಗ ಯಾರಿಗೂ ನೆನಪಿಲ್ಲ. ನಾನು ಹೋದಾಗಲೆಲ್ಲ ಒಬ್ಬ ಅಜ್ಜಿ "ಕಲ್ಲು ಯಾವತ್ತು ಬತ್ತದವ್ವ?" ಅಂತ ಕೇಳ್ತಾರೆ. ಇದನ್ನು ಮೇಲಲ್ಲಿ ಬರೆದರೆ ಕಾರ್ಯದರ್ಶಿಯವರ ಮೇಲೆ ದೂರು ಹೇಳಿದ ಹಾಗಾಗಲ್ವಾ?

ಹಳೇಸೈಟು (ಮೈಸೂರು)
ಯಾರು ಹೇಳಿದ್ದು ಅಂತ ಬರೀಬೇಡಿ. "ಮೆಟ್ಟಿಲು ಆಗುತ್ತೆ ಅಂತ ಊರಿನವರು ನಂಬಿದ್ದಾರೆ, ಬಜೆಟ್‌ನಲ್ಲಿ ಇಲ್ಲ, ಆಗುತ್ತೋ ಇಲ್ಲವೋ ಊರಿಗೆ ತಿಳಿಸಬೇಕು" ಅಂತ ಬರೆದರೆ ಸಾಕು. ಓದಿದವರಿಗೆ ಅರ್ಥ ಆಗುತ್ತೆ.

ಏರಿಮೇಲೆ (ಮಂಡ್ಯ)
ಎರಡು ದಿನ ಬಿಟ್ಟು ಬಂದೆ. ಹೊಸ ಡ್ರಾಫ್ಟ್ ಇದು. ಕಾರ್ಯದರ್ಶಿಗೂ ಹೊಸ ಕೋಆರ್ಡಿನೇಟರ್‌ಗೂ ಮಾತ್ರ, ಅದರ ಒಂದು ಪ್ರತಿ ಎಂಜಿನಿಯರ್‌ಗೆ:

"ವಿಷಯ: ಕೆರೆ ಕೆಲಸ ಹಸ್ತಾಂತರ, ಮೂರು ತೀರ್ಮಾನ ಬೇಕು, ಮೊದಲನೆಯದು ಮಾರ್ಚ್ 21ರೊಳಗೆ

ಮಾರ್ಚ್ 28 ನನ್ನ ಕೊನೆಯ ದಿನ. ಕೆಳಗಿನ ಅಂಕಿಗಳೆಲ್ಲ ಮಾರ್ಚ್ 14ಕ್ಕೆ.

ಎಸ್ಟಿಮೇಟ್ 18,000 ಘನ ಮೀಟರ್. ಲೆವೆಲ್ ಅಳತೆಯಲ್ಲಿ ಮುಗಿದದ್ದು 10,850, ಅಂದರೆ ಶೇ. 60. ಈವರೆಗಿನ ತಿಂಗಳ ವರದಿಗಳು ಟ್ರಿಪ್ ಎಣಿಕೆಯ ಮೇಲಿದ್ದವು, ಅದರಲ್ಲಿ ಶೇ. 78 ಎಂದು ಕಾಣುತ್ತದೆ. ಅಗೆದ ಮಣ್ಣು ಉಬ್ಬುವುದರಿಂದ ಈ ವ್ಯತ್ಯಾಸ. ಮುಂದಿನ ವರದಿಯಲ್ಲಿ ಯಾವ ಅಳತೆ ಎಂದು ದಾನಿಗೆ ತಿಳಿಸಬೇಕು.

ತೀರ್ಮಾನ ಒಂದು, ಬಡಗಣ ಮೂಲೆ. ಅಲ್ಲಿ ಮರಳು ಮಿಶ್ರಿತ ಪದರ ಬಂದಿದೆ. ಇನ್ನೂ 1,500 ತೋಡಬೇಕೋ, ಕೈಬಿಡಬೇಕೋ, ಬೇರೆ ಕಡೆ ತೆಗೆಯಬೇಕೋ ಎಂದು ಎಂಜಿನಿಯರ್ ಸ್ಥಳ ನೋಡಿ ಮಾರ್ಚ್ 21ರೊಳಗೆ ಬರಹದಲ್ಲಿ ತಿಳಿಸಬೇಕು. ಅಲ್ಲಿಯವರೆಗೆ ಆ ಮೂಲೆಗೆ ಯಂತ್ರ ಇಳಿಸಬಾರದು. ಎಸ್ಟಿಮೇಟ್ ಕಡಿಮೆಯಾದರೆ ದಾನಿಯ ಒಪ್ಪಿಗೆ ಬೇಕು.

ತೀರ್ಮಾನ ಎರಡು, ಅನುಮತಿ. ಸಣ್ಣ ನೀರಾವರಿ ಇಲಾಖೆಯ ಪತ್ರ ಏಪ್ರಿಲ್ 15ಕ್ಕೆ ಮುಗಿಯುತ್ತದೆ. ಮೂಲೆ ಕೈಬಿಟ್ಟರೆ ಕೆಲಸ ಏಪ್ರಿಲ್ 13ಕ್ಕೆ, ಇಲ್ಲದಿದ್ದರೆ 20ಕ್ಕೆ ಮುಗಿಯಬಹುದು, ಮಳೆ ಬರದಿದ್ದರೆ. ನವೀಕರಣದ ಅರ್ಜಿ ಸಿದ್ಧವಿದೆ, ಕಾರ್ಯದರ್ಶಿಯವರ ಸಹಿ ಮಾರ್ಚ್ 25ರೊಳಗೆ ಬೇಕು. ಹಳೆಯ ಪತ್ರದಲ್ಲಿ ಸಂಪರ್ಕಕ್ಕೆ ನನ್ನ ಹೆಸರಿದೆ, ಅದೂ ಬದಲಾಗಬೇಕು. ಸಹಿ ಆಗದಿದ್ದರೆ ಏಪ್ರಿಲ್ 15ರ ಸಂಜೆ ಯಂತ್ರ ಕೆರೆಯಿಂದ ಹೊರಬರಬೇಕು.

ತೀರ್ಮಾನ ಮೂರು, ಮೂರನೇ ಬಿಲ್. ಟ್ರಿಪ್ ಲೆಕ್ಕದಲ್ಲಿ ಒಟ್ಟು 9,87,000, ಲೆವೆಲ್ ಲೆಕ್ಕದಲ್ಲಿ 7,59,500, ಕೊಟ್ಟದ್ದು 6,00,000. ಕರಾರಿನಲ್ಲಿ ಅಳೆಯುವ ಕ್ರಮ ಹೇಳಿಲ್ಲ. ಕಾರ್ಯದರ್ಶಿ, ಎಂಜಿನಿಯರ್, ಗುತ್ತಿಗೆದಾರರು ಕೂತು ಮಾತಾಡುವುದು ಮಾರ್ಚ್ 26ಕ್ಕೆ, ನಾನೂ ಇರುತ್ತೇನೆ. ಅದಕ್ಕೂ ಮುಂಚೆ ವಿವಾದವಿಲ್ಲದ 1,59,500 ಕೊಡಬಹುದು. ಉಳಿದದ್ದನ್ನು ನಾನು ಒಪ್ಪಿಲ್ಲ, ತಿರಸ್ಕರಿಸಿಯೂ ಇಲ್ಲ.

ಒಗೆಯುವ ಮೆಟ್ಟಿಲು ಆಗುತ್ತದೆ ಎಂದು ಊರಿನವರು ನಂಬಿದ್ದಾರೆ. ಬಜೆಟ್‌ನಲ್ಲಿ ಇಲ್ಲ. ಅವರಿಗೆ ಒಂದು ಉತ್ತರ ಹೇಳಬೇಕು.

ಮಾರ್ಚ್ 23ಕ್ಕೆ ಹೊಸಬರ ಜೊತೆ ಕೆರೆಯಲ್ಲಿ ಓಡಾಡುತ್ತೇನೆ. ಚೀಟಿ ಪುಸ್ತಕ, ಲೆವೆಲ್ ಶೀಟ್, ಕರಾರು, ಅನುಮತಿ ಪತ್ರ, ನಾಲ್ಕೂ ಲಗತ್ತಿಸಿದ್ದೇನೆ. ಪಾಸ್‌ವರ್ಡ್ ಬೇರೆಯಾಗಿ ಕೊಡುತ್ತೇನೆ."

ಹಳೇಸೈಟು (ಮೈಸೂರು)
ಈಗ ಸರಿ ಹೋಯ್ತು. 1,59,500 ಕೊಡೋ ಐಡಿಯಾ ಚೆನ್ನಾಗಿದೆ, ಗುತ್ತಿಗೆದಾರ ಯಂತ್ರ ಎತ್ಕೊಂಡು ಹೋಗಲ್ಲ. ಒಂದೇ ತಿದ್ದುಪಡಿ: ಲೆವೆಲ್ ಹಿಡಿಯುವಾಗ ಗುತ್ತಿಗೆದಾರನ ಕಡೆಯವರು ಇದ್ದರಾ? ಇಲ್ಲದಿದ್ದರೆ 26ಕ್ಕೆ ಅವರು ಶೀಟನ್ನೇ ಒಪ್ಪಲ್ಲ. ಇದ್ದರೋ ಇಲ್ಲವೋ ಅನ್ನೋದನ್ನೂ ಒಂದು ಸಾಲು ಬರೀರಿ.

ಮುಂಗಡಪತ್ರ
ದಾನಿಗೆ ಸಿಸಿ ಇಲ್ಲ! 78 ಅಂತ ಇದ್ದದ್ದು 60 ಆಗಿದೆ ಅಂತ ಅವರಿಗೆ ಬೇರೆ ಯಾರದೋ ಬಾಯಲ್ಲಿ ಗೊತ್ತಾದರೆ? ಮಾರ್ಚ್ 31ರ ಪ್ರಶ್ನೆಯನ್ನೂ ಹಾಕಿಲ್ಲ ನೀವು.

ಏರಿಮೇಲೆ (ಮಂಡ್ಯ)
ಮಾರ್ಚ್ 31ರ ಪ್ರಶ್ನೆಯನ್ನು ಕಂಪನಿಯವರಿಗೆ ನೇರವಾಗಿ ಕೇಳಿ ಮೇಲ್ ಹಾಕಿದ್ದೀನಿ ಸಾರ್, ಉತ್ತರ ಬಂದರೆ ಲಗತ್ತಿಸ್ತೀನಿ. 60ರ ವಿಚಾರ ಕಾರ್ಯದರ್ಶಿಯವರೇ ಫೋನ್ ಮಾಡಿ ಹೇಳ್ತೀನಿ ಅಂದಿದ್ದಾರೆ.

@ಹಳೇಸೈಟು ಗುತ್ತಿಗೆದಾರರ ಸೂಪರ್‌ವೈಸರ್ ಅವತ್ತು ಸೈಟಲ್ಲಿ ಇದ್ದರು, ಆದರೆ ಶೀಟಿಗೆ ಸಹಿ ಹಾಕಿಲ್ಲ.

ಮದ್ದೂರ್‌ವಡೆ
ಹಾಗಾದರೆ 26ಕ್ಕೆ ಮತ್ತೊಮ್ಮೆ ಲೆವೆಲ್ ಹಿಡೀರಿ ಅಂತಾರೆ, ಬರೆದಿಟ್ಕೊಳ್ಳಿ. ನಾನಾಗಿದ್ದರೂ ಹಾಗೇ ಕೇಳ್ತಿದ್ದೆ.

ಐಟಿಬಿಟ್ಟವ
ಅಕ್ಕ, ರಿಲೀವಿಂಗ್ ಲೆಟರ್ ಮಾತ್ರ ಮರೀಬೇಡಿ.